ತರೀಕೆರೆ ಏರಿ ಮೇಲೆ: ಮಗುವಿನ ಜೊತೆ ಮೊದಲು ನಿಧಾನವಾಗಿ ಹೇಳಿ

‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯ್ತಿತ್ತು.’ ಈ ಟಂಗ್ ಟ್ವಿಸ್ಟರ್ ನಮಗೆಲ್ಲ ಗೊತ್ತು. ಮಗುವಿಗೆ ಹೇಳಿಕೊಡುವಾಗ ಮಾತ್ರ ‘ಬೇಗ ಬೇಗ ಹೇಳು’ ಅಂತ ಶುರು ಮಾಡಬೇಡಿ.

ಮೊದಲು ಅರ್ಥ ಹೇಳಿ. ತರೀಕೆರೆ ಚಿಕ್ಕಮಗಳೂರು ಜಿಲ್ಲೆಯ ಊರು, ಏರಿ ಅಂದರೆ ಕೆರೆಯ ಕಟ್ಟೆ. ಪೇಟೆಯಲ್ಲಿ ಬೆಳೆದ ಮಗುವಿಗೆ ‘ಏರಿ’ ಗೊತ್ತಿರುವುದಿಲ್ಲ. ಕಟ್ಟೆ ಮೇಲೆ ಮೂರು ಕಪ್ಪು ಕುರಿಮರಿ ಹುಲ್ಲು ತಿನ್ನುತ್ತಿವೆ ಅಂತ ಕಣ್ಣಿಗೆ ಕಂಡರೆ ಪದಗಳ ಸಾಲು ತಾನಾಗಿ ನೆನಪಿರುತ್ತದೆ.

ಕಷ್ಟ ಇರುವುದು ‘ಕರಿ, ಕುರಿ, ಮರಿ’ಯಲ್ಲಿ. ಮೂರರಲ್ಲೂ ಕೊನೆಗೆ ‘ರಿ’ ಇದೆ, ಬದಲಾಗುವುದು ಮೊದಲ ಅಕ್ಷರ ಮಾತ್ರ. ಮಗುವನ್ನು ಎದುರಿಗೆ ಕೂರಿಸಿಕೊಂಡು ನಿಮ್ಮ ಬಾಯಿ ನೋಡಲು ಹೇಳಿ. ‘ಕ’ಗೆ ಬಾಯಿ ತೆರೆಯುತ್ತದೆ, ‘ಕು’ಗೆ ತುಟಿ ದುಂಡಗಾಗುತ್ತದೆ, ‘ಮ’ಗೆ ತುಟಿ ಮುಚ್ಚಿ ತೆರೆಯುತ್ತದೆ. ‘ರಿ’ಗೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿರುವ ಉಬ್ಬಿಗೆ ಒಂದು ಸಲ ತಟ್ಟಿ ಬರಬೇಕು. ಕನ್ನಡಿ ಮುಂದೆ ಇಬ್ಬರೂ ಕೂತು ಮಾಡಿದರೆ ಇನ್ನೂ ಒಳ್ಳೆಯದು.

ಒಂದು ಪದಕ್ಕೆ ಒಂದು ಚಪ್ಪಾಳೆ ಹಾಕಿ. ನಿಧಾನ ಅಂದ ತಕ್ಷಣ ಮಕ್ಕಳು ‘ಕರೀ… ಕುರೀ…’ ಅಂತ ಎಳೆಯುತ್ತಾರೆ, ಅದು ಬೇಡ, ಯಾಕೆಂದರೆ ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಪದವೇ ಬೇರೆ ಆಗಿಬಿಡುತ್ತದೆ. ಪದ ಇದ್ದ ಹಾಗೇ ಇರಲಿ, ಪದಗಳ ನಡುವಿನ ಬಿಡುವು ಮಾತ್ರ ಜಾಸ್ತಿ ಇರಲಿ. ‘ಮೂರು’ ಅನ್ನುವಾಗ ‘ಮೂ’ ಉದ್ದ, ‘ಮರಿ’ ಅನ್ನುವಾಗ ‘ಮ’ ಗಿಡ್ಡ.

ಆಮೇಲೆ ಕೊನೆಯಿಂದ ಕಟ್ಟಿಕೊಂಡು ಬನ್ನಿ. ‘ಮೇಯ್ತಿತ್ತು’, ‘ಮರಿ ಮೇಯ್ತಿತ್ತು’, ‘ಕುರಿ ಮರಿ ಮೇಯ್ತಿತ್ತು’. ಹೀಗೆ ಮಾಡಿದರೆ ಮಗು ಪ್ರತಿ ಸಲವೂ ಗೊತ್ತಿರುವ ಕಡೆಗೇ ಹೋಗುತ್ತದೆ, ಹಾಗಾಗಿ ನಡುವೆ ನಿಲ್ಲುವುದು ಕಡಿಮೆ. ಪೂರ್ತಿ ವಾಕ್ಯ ತಪ್ಪಿಲ್ಲದೆ ಮೂರು ಸಲ ಬಂದ ಮೇಲಷ್ಟೇ ಚಪ್ಪಾಳೆಯ ವೇಗ ಸ್ವಲ್ಪ ಏರಿಸಿ.

ಎಲ್ಲಿ ತಪ್ಪುತ್ತಿದೆ ಅಂತ ಕಿವಿಗೊಟ್ಟು ಕೇಳಿ. ‘ಕುರಿ ಕರಿ ಮರಿ’ ಅಂತ ಜಾಗ ಬದಲಾದರೆ ವೇಗ ಜಾಸ್ತಿ ಆಗಿದೆ ಅಂತ, ಒಂದು ಹೆಜ್ಜೆ ಹಿಂದೆ ಬನ್ನಿ. ‘ಕಲಿ ಕುಲಿ ಮಲಿ’ ಅಂದರೆ ವಿಷಯ ಬೇರೆ, ಅಲ್ಲಿ ‘ರ’ ಇನ್ನೂ ಕೂತಿಲ್ಲ. ಮಕ್ಕಳಿಗೆ ‘ರ’ ತಡವಾಗಿಯೇ ಬರುತ್ತದೆ, ನಾಲ್ಕು ವರ್ಷಕ್ಕೆ ‘ಲ’ ಅಂದರೆ ಗಾಬರಿ ಬೇಡ. ಆಗ ವಾಕ್ಯ ಬಿಟ್ಟು ಸುಮ್ನೆ ‘ಮರ, ಕರ, ಕೆರೆ’ ಅಂತ ಆಡಿಸಿ. ಆರೇಳು ವರ್ಷ ಆದರೂ ಹಾಗೇ ಇದ್ದರೆ, ಅಥವಾ ಮಗು ಮಾತಿನಲ್ಲಿ ತೊದಲುತ್ತಿದ್ದರೆ, ಟಂಗ್ ಟ್ವಿಸ್ಟರ್ ಹೇಳಿಸಿ ಸರಿ ಮಾಡಲು ಹೋಗದೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ನೋಡುತ್ತಾರೆ.