ಉಕಾರ ಮೊದಲು, ಲಕಾರ ಆಮೇಲೆ: ಡಾರ್ಕ್ ಎಲ್ ಕಲಿಸಿದ ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ಅಕ್ಕನ ಮಗಳು ತೀರ್ಥಹಳ್ಳಿಯಿಂದ ಶಿವಮೊಗ್ಗದ ನಮ್ಮನೆಗೆ ಬಂದಿದ್ದಳು. ಬಿ.ಎಡ್. ಮುಗಿಸಿ ಇಂಗ್ಲಿಷ್ ಪಾಠ ಮಾಡಲು ತಯಾರಾಗುತ್ತಿದ್ದಾಳೆ. ಬ್ರಿಟಿಷ್ ಉಚ್ಚಾರದ ಒಂದು ಆಡಿಯೋ ಕೇಳಿಸಿ, "ಚಿಕ್ಕಮ್ಮಾ, ಇವರ 'ಫೀಲ್' ಬೇರೆ ಥರ ಇದೆ. ಏನು ಬೇರೆ ಅಂತ ಮಾತ್ರ ಗೊತ್ತಾಗ್ತಾ ಇಲ್ಲ" ಅಂದಳು.

ಅವಳ ಕಿವಿ ಸರಿಯಾಗಿಯೇ ಹಿಡಿದಿತ್ತು. ಬ್ರಿಟಿಷ್ ಇಂಗ್ಲಿಷಿನಲ್ಲಿ ಎಲ್ ಎರಡು ಬಗೆ. 'ಲೀಫ್' ಪದದ ಹಾಗೆ ಎಲ್ ಆದಮೇಲೆ ಸ್ವರ ಬಂದರೆ ಅದು ಕ್ಲಿಯರ್ ಎಲ್. 'ಫೀಲ್', 'ಮಿಲ್ಕ್' ಪದಗಳ ಹಾಗೆ ಕೊನೆಯಲ್ಲೋ ವ್ಯಂಜನದ ಮೊದಲೋ ಬಂದರೆ ಡಾರ್ಕ್ ಎಲ್. ನಮ್ಮ ಲಕಾರ ಎಲ್ಲ ಕಡೆಯೂ ಕ್ಲಿಯರ್.

ವರ್ಷಗಳ ಹಿಂದೆ ಒಂದು ತರಬೇತಿಯಲ್ಲಿ ನನಗೆ, "ಡಾರ್ಕ್ ಎಲ್ ಅಂದ್ರೆ ಹೆಚ್ಚುಕಡಿಮೆ ನಿಮ್ಮ ಳ" ಅಂತ ಹೇಳಿಕೊಟ್ಟಿದ್ದರು. ಅದನ್ನೇ ನಂಬಿ ಎರಡು ವರ್ಷ ಹಾಗೇ ಕಲಿಸಿದೆ. ಮಕ್ಕಳು 'ಮಿಳ್ಕ್' ಅನ್ನುತ್ತಿದ್ದರು. ಅದು ತಪ್ಪು, ಮತ್ತು ಯಾಕೆ ತಪ್ಪು ಅನ್ನುವುದರಲ್ಲೇ ಇಡೀ ವಿಷಯ ಇದೆ. 'ಹಾಲು', 'ಹಾಳು' ಎರಡನ್ನೂ ನಿಧಾನವಾಗಿ ಹೇಳಿ ನೋಡಿ. ಬದಲಾಗುವುದು ಮುಖ್ಯವಾಗಿ ನಾಲಿಗೆಯ ತುದಿಯ ಜಾಗ. ಳ ಅನ್ನುವಾಗ ತುದಿ ಹಿಂದಕ್ಕೆ ಮಡಚಿಕೊಂಡು ಮೇಲೆ ತಾಗುತ್ತದೆ. ಡಾರ್ಕ್ ಎಲ್‌ನಲ್ಲಿ ತುದಿ ಮಡಚುವುದೇ ಇಲ್ಲ. ಕ್ಲಿಯರ್ ಎಲ್‌ನಲ್ಲಿ ಇರುವಂತೆ ಮೇಲಿನ ಹಲ್ಲುಗಳ ಹಿಂದಿನ ಉಬ್ಬಿಗೇ ತಾಗುತ್ತದೆ. ಬದಲಾಗುವುದು ನಾಲಿಗೆಯ ಬೆನ್ನು.

ಕ್ಲಿಯರ್ ಎಲ್‌ನಲ್ಲಿ ತುದಿಯ ಹಿಂದಿನ ಭಾಗ ಗಟ್ಟಿ ಅಂಗುಳದ ಕಡೆ ಏರಿರುತ್ತದೆ, ಇ ಅನ್ನುವಾಗ ಏರುವ ಹಾಗೆ. ಡಾರ್ಕ್ ಎಲ್‌ನಲ್ಲಿ ನಡುಭಾಗ ತಗ್ಗಿ, ಹಿಂಭಾಗ ಮೆತ್ತನೆ ಅಂಗುಳದ ಕಡೆ ಏಳುತ್ತದೆ. ಕೆಲವರಲ್ಲಿ ಏಳುವುದಕ್ಕಿಂತ ಗಂಟಲಿನ ಕಡೆ ಸರಿಯುವುದೇ ಜಾಸ್ತಿ. ತುಂಗೆಯ ದೋಣಿಯನ್ನು ಪಕ್ಕದಿಂದ ನೋಡಿದರೆ ಎರಡು ತುದಿ ಮೇಲೆ, ನಡುವೆ ತಗ್ಗು ಕಾಣುತ್ತದಲ್ವಾ, ಹಾಗೆ.

ಇದನ್ನು ಅವಳ ಬಾಯಿಗೆ ತಿಳಿಸುವುದಕ್ಕೆ ಒಂದು ಅಭ್ಯಾಸ ಮಾಡಿಸಿದೆ. ನಾಲಿಗೆಯ ತುದಿಯನ್ನು ಲ ಅನ್ನುವ ಜಾಗದಲ್ಲೇ ಒತ್ತಿ ಹಿಡಿ. ಬಿಡಬೇಡ. ಈಗ ಪಿಸುದನಿಯಲ್ಲಿ ಈ ಅನ್ನಲು ನೋಡು, ಆಮೇಲೆ ಊ ಅನ್ನಲು ನೋಡು. ತುದಿ ಕಚ್ಚಿಕೊಂಡಿರುವುದರಿಂದ ಪೂರ್ತಿ ಸ್ವರ ಬರುವುದಿಲ್ಲ, ಆದರೆ ಸದ್ದಿನ ಬಣ್ಣ ಬದಲಾಗುತ್ತದೆ. ಈ ಕಡೆ ಹೋದಾಗ ತೆಳ್ಳಗೆ, ಊ ಕಡೆ ಹೋದಾಗ ಟೊಳ್ಳಾಗಿ ಕೇಳುತ್ತದೆ. ಪಿಸುದನಿ ಯಾಕೆ ಅಂದರೆ, ಕಂಠದ ಏರಿಳಿತ ಅದರಲ್ಲಿ ಇರುವುದಿಲ್ಲ, ಬಾಯಿಯ ಆಕಾರದ ಸದ್ದು ಮಾತ್ರ ಕೇಳುತ್ತದೆ. ನಾಲ್ಕೈದು ಸಲ ಆದಮೇಲೆ, "ತುದಿ ಅಲ್ಲೇ ಇದೆ, ಹಿಂದೆ ಏನೋ ಓಡಾಡ್ತಾ ಇದೆ" ಅಂದಳು. ಬೇಕಾಗಿದ್ದು ಅದೇ. ತುಟಿ ದುಂಡಗಾಗದ ಹಾಗೆ ಕನ್ನಡಿ ಹಿಡಿದು ನೋಡಿಕೊಳ್ಳಲು ಹೇಳಿದೆ. ಊಕಾರದಿಂದ ನಾಲಿಗೆಯನ್ನು ಮಾತ್ರ ತೆಗೆದುಕೊಳ್ಳಬೇಕು, ತುಟಿಯನ್ನಲ್ಲ.

ಅಷ್ಟಾದರೂ 'ಫೀಲ್' ಬರಲಿಲ್ಲ. ಯಾಕೆ ಅಂತ ನನಗೂ ಸ್ವಲ್ಪ ಹೊತ್ತು ಹೊಳೆಯಲಿಲ್ಲ. ಆಮೇಲೆ ಒಂದು ಪ್ರಯೋಗ ಮಾಡಿದೆವು. ಅವಳು 'ಲೀಫ್' ಅಂದಿದ್ದನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ, Praat ಅನ್ನುವ ಉಚಿತ ತಂತ್ರಾಂಶದಲ್ಲಿ Reverse ಒತ್ತಿ ತಿರುವುಮುರುವು ಮಾಡಿದೆವು. ಕೇಳಿಸಿದ್ದು 'ಫೀಲ್'. ಸ್ವರ ಸ್ವಲ್ಪ ಗಿಡ್ಡ ಅನ್ನುವುದು ಬಿಟ್ಟರೆ ಅಚ್ಚು ಅವಳ 'ಫೀಲ್'! ಆಡಿಯೋದ 'ಫೀಲ್' ಅನ್ನು ಹಾಗೇ ತಿರುಗಿಸಿದಾಗ 'ಲೀಫ್' ಬರಲಿಲ್ಲ. ಶುರುವಿನ ಲಕಾರ ದಪ್ಪವಾಗಿತ್ತು. ಅದಕ್ಕೂ ಈಕಾರಕ್ಕೂ ನಡುವೆ ಒಂದು ಸಣ್ಣ ಅಕಾರ ಕೇಳುತ್ತಿತ್ತು.

ಆ ಸಣ್ಣ ಅಕಾರವೇ ದಾರಿ ತೋರಿಸಿತು. ಈ ಅನ್ನುವಾಗ ನಾಲಿಗೆಯ ಬೆನ್ನು ಮುಂದೆ, ಮೇಲೆ ಇರುತ್ತದೆ. ಡಾರ್ಕ್ ಎಲ್‌ಗೆ ಅದು ಹಿಂದಕ್ಕೆ ಹೋಗಬೇಕು. ಹೋಗುವ ದಾರಿಯಲ್ಲಿ ನಡುವಿನ ಜಾಗ ಹಾದುಹೋಗುವಾಗ ಅಕಾರದಂಥ ಸದ್ದು ಬರುತ್ತದೆ. ಅಂದರೆ ತುದಿ ತಾಗುವ ಮೊದಲೇ ಬೆನ್ನು ಹೊರಟಿರಬೇಕು. ಡಾರ್ಕ್ ಎಲ್‌ನಲ್ಲಿ ಹಿಂಭಾಗ ಮೊದಲು, ತುದಿ ಆಮೇಲೆ. ಇವಳು ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಳು.

ಕನ್ನಡದವರಿಗೆ ಇದು ಕಷ್ಟ ಆಗುವುದಕ್ಕೆ ಕಾರಣ ಇದೆ. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತವೆ. ಹಾಲು, ಕಾಲು, ಬಾಗಿಲು. 'ಸ್ಕೂಲ್' ಬಂದರೆ ಸ್ಕೂಲು, 'ಬಾಲ್' ಬಂದರೆ ಬಾಲು. ಉಕಾರ ನಮ್ಮಲ್ಲಿ ಇದ್ದೇ ಇದೆ, ಆದರೆ ಲಕಾರ ಆದಮೇಲೆ. ಡಾರ್ಕ್ ಎಲ್‌ಗೆ ಆ ಉಕಾರದ ನಾಲಿಗೆ ಲಕಾರಕ್ಕಿಂತ ಮುಂಚೆ ಬೇಕು. "ಬಾಗಿಲು ಹಾಕಿದ ಮೇಲೆ ಉ ಅನ್ನಬೇಡ, ಉ ಅಂದು ಬಾಗಿಲು ಹಾಕು" ಅಂದೆ. ಇದು ಅವಳಿಗೆ ಥಟ್ಟನೆ ಹತ್ತಿತು.

ಪದಗಳ ಸರದಿಯನ್ನೂ ಬದಲಿಸಿದೆ. 'ಫೀಲ್' ಬಿಟ್ಟು 'ಪುಲ್' ಇಂದ ಶುರು ಮಾಡಿದೆವು. ಅಲ್ಲಿ ಉಕಾರ ಮೊದಲೇ ಇದೆ. ಬೆನ್ನನ್ನು ಅಲ್ಲೇ ಬಿಟ್ಟು ತುದಿ ಎತ್ತಿದರೆ ಸಾಕು. ಆಮೇಲೆ 'ಕಾಲ್', 'ಬಾಲ್'. ಮೂರನೇ ದಿನ 'ಫೀಲ್'ಗೆ ಬಂದೆವು: ಫೀ, ಸಣ್ಣ ಅ, ಆಮೇಲೆ ತುದಿ.

ಇಲ್ಲಿ ಇನ್ನೊಂದು ಅಪಾಯ ಇದೆ. ಬೆನ್ನಿನ ಮೇಲೆ ಗಮನ ಹೋದಾಗ ತುದಿ ತಾಗುವುದೇ ಮರೆತುಹೋಗುತ್ತದೆ. 'ಮಿಲ್ಕ್' ಅನ್ನುವುದು 'ಮಿಉಕ್' ಆಗುತ್ತದೆ. ಲಂಡನ್ನಿನ ಎಷ್ಟೋ ಜನ ಹಾಗೇ ಮಾತಾಡುತ್ತಾರೆ, ಆದರೆ ನಾವು ಕಲಿಯುತ್ತಿದ್ದದ್ದು ಅದಲ್ಲ. ಪದದ ಕೊನೆಗೆ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಮೆಲ್ಲಗೆ ಕಚ್ಚಿ ನಿಲ್ಲಿಸಲು ಹೇಳಿದೆ. ತುದಿ ಕನ್ನಡಿಯಲ್ಲಿ ಕಾಣಬೇಕು. ಅಷ್ಟು ಮುಂದೆ ಹಿಡಿದರೂ ಬೆನ್ನು ಹಿಂದೆ ಇದ್ದರೆ ಸದ್ದು ಡಾರ್ಕ್ ಆಗಿಯೇ ಇರುತ್ತದೆ.

ನಾವು ಕಿವಿಯನ್ನಷ್ಟೇ ನಂಬಲಿಲ್ಲ. ಬಾಯಿಯ ಆಕಾರಕ್ಕೆ ತಕ್ಕಂತೆ ಸದ್ದಿನ ಕೆಲವು ಕಂಪನಗಳು ಜೋರಾಗುತ್ತವೆ, ಅವಕ್ಕೆ ಫಾರ್ಮಂಟ್ ಅನ್ನುತ್ತಾರೆ. Praat ತೆರೆಯಲ್ಲಿ ಎರಡನೇ ಫಾರ್ಮಂಟಿನ ಗೆರೆ ನೋಡಿದೆವು. ನಾಲಿಗೆಯ ಬೆನ್ನು ಮುಂದಿದ್ದರೆ ಅದು ಏರುತ್ತದೆ, ಹಿಂದೆ ಸರಿದರೆ ಇಳಿಯುತ್ತದೆ. ಮೊದಲ ದಿನ ಅವಳ 'ಫೀಲ್' ಕೊನೆಯ ಎಲ್ 1600 ಹರ್ಟ್ಸ್ ಆಸುಪಾಸಿನಲ್ಲಿತ್ತು. ವಾರದ ಕೊನೆಗೆ 1000ದ ಹತ್ತಿರ ಬಂತು. ಡಾರ್ಕ್ ಎಲ್‌ನಲ್ಲಿ ಮೊದಲ ಎರಡು ಗೆರೆ ಹತ್ತಿರ ಬರುವುದರಿಂದ ಯಂತ್ರ ಎರಡನ್ನೂ ಒಂದೇ ಅಂದುಕೊಳ್ಳುವುದುಂಟು. ಗೆರೆ ಇದ್ದಕ್ಕಿದ್ದಂತೆ 2500ಕ್ಕೆ ಹಾರಿದರೆ ಆ ಅಳತೆ ಬಿಡಬೇಕು. ಹೆಂಚಿನ ಮೇಲೆ ಮಳೆ ಸುರಿಯುವಾಗ ಮಾಡಿದ ರೆಕಾರ್ಡಿಂಗೂ ಕೆಲಸಕ್ಕೆ ಬರಲಿಲ್ಲ. ಮಳೆ ಹೊಳವಾಗುವ ತನಕ ಕಾದು ಮಾಡಿದೆವು.

ಡಾರ್ಕ್ ಎಲ್ ಬಾರದಿದ್ದರೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಅಂತೇನಿಲ್ಲ. ಐರ್ಲೆಂಡಿನಲ್ಲಿ ಹಳೆಯ ರೂಢಿಯ ಮಾತಿನಲ್ಲಿ ಎಲ್ಲ ಕಡೆ ಕ್ಲಿಯರ್ ಎಲ್ ಇದೆ. ಅಮೆರಿಕದವರು ಬಹಳಷ್ಟು ಕಡೆ, 'ಲೀಫ್'ನಲ್ಲೂ, ಸ್ವಲ್ಪ ಡಾರ್ಕ್ ಆಗಿಯೇ ಹೇಳುತ್ತಾರೆ. ಕೊನೆಯ ಎಲ್ ಅನ್ನು ಳ ಮಾಡುವುದನ್ನು ಮಾತ್ರ ನಾನು ಈಗ ತಿದ್ದದೆ ಬಿಡುವುದಿಲ್ಲ.

ಹೊರಡುವ ಹಿಂದಿನ ದಿನ ಅವಳು ಒಂದು ಪುಟ ಜೋರಾಗಿ ಓದಿದಳು. 'ಫೀಲ್' ಚೆನ್ನಾಗಿ ಬಂತು. ಆದರೆ 'ಫೀಲ್ ಇಟ್' ಅನ್ನುವಲ್ಲೂ ಅದೇ ಡಾರ್ಕ್ ಎಲ್ ಹಾಕಿದಳು. ನಿಲ್ಲಿಸಿ, "ಮುಂದೆ ಸ್ವರ ಬಂತಲ್ಲ, ಇಲ್ಲಿ ನಿನ್ನ ಹಳೇ ಲಕಾರವೇ ಬೇಕು" ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ 'ಫೀಲಿಟ್' ಅಂತ ನಮ್ಮ ಲಿಕಾರದಲ್ಲೇ ಹೇಳಿ ಮುಂದಿನ ಸಾಲಿಗೆ ಹೋದಳು.