ಅರಿಶಿಣದ ಕೆಳಗಿದ್ದ ಕೆಂಪು

ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ವಾಸಿಸುವ ಪುಣೆಯ ತಗಡಿನ ಮನೆಗಳಿಗೆ ನಾನು ದಾದಿಯಾಗಿ ಭೇಟಿ ನೀಡುತ್ತೇನೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸೊಂದನ್ನು ಆರನೆಯ ದಿನ ನೋಡಲು ಹೋದಾಗ ಅಜ್ಜಿಯು ಬಾಗಿಲಲ್ಲೇ, “ಬೂದಿ ಹಚ್ಚಿಲ್ರೀ ಸಿಸ್ಟರ್, ನೀವು ಬ್ಯಾಡ ಅಂದಿದ್ರಿ” ಎಂದರು. ಕೂಸಿನ ಹೊಕ್ಕುಳಿಗೆ ಅವರು ಹಚ್ಚಿದ್ದು ಅರಿಶಿಣ ಕಲಸಿದ ಕೊಬ್ಬರಿ ಎಣ್ಣೆ. ತಪ್ಪು ನನ್ನದು, ಬೂದಿ ಬೇಡವೆಂದಿದ್ದೆನೇ ಹೊರತು ಏನನ್ನೂ ಹಚ್ಚಬಾರದೆಂದು ಹೇಳಿರಲಿಲ್ಲ.

ಅರಿಶಿಣದ ಬಣ್ಣದಲ್ಲಿ ಕೀವೂ ಕಾಣದು, ಚರ್ಮದ ಕೆಂಪೂ ಕಾಣದು. ಸಾಬೂನಿನಿಂದ ಕೈ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಚಿಯಾದ ಬಟ್ಟೆಯಿಂದ ಎಣ್ಣೆಯನ್ನು ಒರೆಸಿ ಒಣಗಿಸಿದೆ. ಹೊಕ್ಕುಳಬಳ್ಳಿಯ ತುಂಡು ಒಣಗಿ ಕಪ್ಪಾಗಿದ್ದು, ಬುಡದಲ್ಲಿ ಸ್ವಲ್ಪ ಲೋಳೆಯಿದ್ದರೆ ನಾನು ಗಾಬರಿಪಡುವುದಿಲ್ಲ. ಉದುರುವಾಗ ಒಂದೆರಡು ಹನಿ ರಕ್ತ ಬರುವುದೂ ಸಹಜ. ಇಲ್ಲಿ ಮಾತ್ರ ಬುಡವನ್ನು ಮೆಲ್ಲಗೆ ಸರಿಸಿದೊಡನೆ ಹಳದಿ ಕೀವು ಜಿನುಗಿತು, ದುರ್ವಾಸನೆಯಿತ್ತು, ಕೆಂಪು ಸುತ್ತಲಿನ ಹೊಟ್ಟೆಯ ಚರ್ಮಕ್ಕೆ ಬೆರಳಗಲ ಹರಡಿತ್ತು. ಕೂಸಿಗೆ ಜ್ವರವಿರಲಿಲ್ಲ, ಮೊಲೆಯನ್ನೂ ಚೀಪುತ್ತಿತ್ತು. ಆದರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕಳುಹಿಸಿದೆ. ಹೊಕ್ಕುಳಿನ ರಕ್ತನಾಳವು ಹುಟ್ಟಿದ ಮೊದಲ ದಿನಗಳಲ್ಲಿ ಪೂರ್ತಿ ಮುಚ್ಚಿರುವುದಿಲ್ಲವಾದ್ದರಿಂದ, ಸೋಂಕು ಆ ದಾರಿಯಿಂದ ಯಕೃತ್ತಿಗೂ ರಕ್ತಕ್ಕೂ ಬೇಗನೆ ಏರಬಲ್ಲದು. ಕೂಸು ಮಂಕಾಗಿ ಹಾಲು ಬಿಡುವವರೆಗೆ ಅಥವಾ ಮೈ ತಣ್ಣಗಾಗುವವರೆಗೆ ಕಾಯುವುದೆಂದರೆ ತಡಮಾಡಿದಂತೆಯೇ.

ಹೊರಡುವ ಗಡಿಬಿಡಿಯಲ್ಲಿಯೇ, ಧನುರ್ವಾಯು ತಡೆಯುವ ಚುಚ್ಚುಮದ್ದು ಆಗಿದೆಯೇ ಎಂದು ತಾಯಿಯ ಕಾರ್ಡು ನೋಡಿದೆ. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತವೆ. ಸತ್ತ ಬಳ್ಳಿಯ ತುಂಡಿನಲ್ಲಿ ಗಾಳಿಯಾಡದ ಕಡೆ ಬೆಳೆದು ವಿಷ ಬಿಡುತ್ತವೆ. ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಮೂರನೆಯ ದಿನದ ನಂತರ ಬಾಯಿ ಬಿಗಿದು ಚೀಪಲಾರದೆ, ಮುಟ್ಟಿದರೆ ಸೆಟೆದುಕೊಳ್ಳುತ್ತದೆ. ಆಗ ಹೊಕ್ಕುಳು ನೋಡಲು ಶುಚಿಯಾಗಿಯೇ ಇರಬಹುದು, ಆದ್ದರಿಂದ ಕಣ್ಣನ್ನಷ್ಟೇ ನಂಬುವಂತಿಲ್ಲ. 2015ರಲ್ಲಿ ಭಾರತದಲ್ಲಿ ಬಾಣಂತಿಯರ, ನವಜಾತ ಶಿಶುಗಳ ಧನುರ್ವಾಯುವಿನ ನಿವಾರಣೆ ದೃಢಪಟ್ಟಿತಾದರೂ ಮಣ್ಣಿನಲ್ಲಿನ ಬೀಜಾಣುಗಳು ಎಲ್ಲಿಗೂ ಹೋಗಿಲ್ಲ. ಮೊದಲ ಬಸುರಿನಲ್ಲಿ ನಾಲ್ಕು ವಾರಗಳ ಅಂತರದಲ್ಲಿ ಎರಡು ಟಿಡಿ ಚುಚ್ಚುಮದ್ದು ಪಡೆದರೆ ತಾಯಿಯಲ್ಲಿ ಹುಟ್ಟುವ ರಕ್ಷಣೆ ಮಾಸಿನ ಮೂಲಕ ಮಗುವಿಗೂ ದಾಟುತ್ತದೆ. ಈಕೆಗೆ ಎರಡು ವರ್ಷದ ಹಿಂದಿನ ಬಸುರಿನಲ್ಲಿ ಎರಡೂ ಆಗಿದ್ದವು. ಮೂರು ವರ್ಷ ದಾಟಿರದ ಕಾರಣ ಈ ಸಲ ಊರಲ್ಲಿ ಕೊಟ್ಟ ಒಂದೇ ಬೂಸ್ಟರ್ ಸಾಕಾಗಿತ್ತು. ಒಂದು ಚಿಂತೆ ಕಳೆಯಿತು.

ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಕೊಟ್ಟ ನಂತರ ಕೆಂಪು ಇಳಿಯಿತು, ಹನ್ನೆರಡನೆಯ ದಿನ ತುಂಡು ತಾನಾಗಿಯೇ ಉದುರಿತು. ಈಗ ನಾನು ಬೇಡದ ವಸ್ತುಗಳ ಪಟ್ಟಿ ಹೇಳುವುದಿಲ್ಲ. ಲಂಗೋಟಿಯನ್ನು ಹೊಕ್ಕುಳಿನ ಕೆಳಗೆ ಮಡಚಿ ಕಟ್ಟಿ, ಮೂತ್ರ ತಾಗದಂತೆ ತುಂಡನ್ನು ಗಾಳಿಗೆ ಬಿಟ್ಟು ತೋರಿಸುತ್ತೇನೆ. ಬಳಿಕ ಅಜ್ಜಿಯ ಕೈಯಿಂದಲೇ ಇನ್ನೊಮ್ಮೆ ಕಟ್ಟಿಸುತ್ತೇನೆ.