ಮೇಲೇರಿದ ರಿಟೆನ್ಷನ್ ಗೆರೆಯ ಗುಟ್ಟು

ನಮ್ಮ ತಂತ್ರಾಂಶ ಸಗಟು ವ್ಯಾಪಾರಿಗಳ ಖರೀದಿ ಪುಸ್ತಕವನ್ನು, ಸರಬರಾಜುದಾರರು ತೋರಿಸಿದ ಬಿಲ್‌ಗಳ ಜಿಎಸ್‌ಟಿ ಪಟ್ಟಿಯಾದ ಜಿಎಸ್‌ಟಿಆರ್‌-2ಬಿ ಜೊತೆ ತಾಳೆ ನೋಡಿ, ಯಾವ ಸರಬರಾಜುದಾರ ಬಿಲ್ ತೋರಿಸಿಲ್ಲ ಎಂಬುದನ್ನು ಹೇಳುತ್ತದೆ. ತಿಂಗಳ 14ಕ್ಕೆ 2ಬಿ ಸಿದ್ಧವಾಗುತ್ತದೆ, ತಿಂಗಳಿಗೊಮ್ಮೆ ಸಲ್ಲಿಸುವವರು 20ರೊಳಗೆ ತೆರಿಗೆ ವಿವರವಾದ 3ಬಿ ಕೊಡಬೇಕು. ಗ್ರಾಹಕರಿಗೆ ನಮ್ಮ ನೆನಪಾಗುವುದು ಆ ಕೆಲವೇ ದಿನಗಳಲ್ಲಿ. ಹಾಗಾಗಿ ರಿಟೆನ್ಷನ್, ಅಂದರೆ ಬಂದ ಗ್ರಾಹಕರಲ್ಲಿ ಎಷ್ಟು ಮಂದಿ ಉಳಿದರು ಎಂಬುದನ್ನು ಅಳೆಯಲು ದಿನಕ್ಕೆಷ್ಟು ಲಾಗಿನ್ ಎಂದು ಎಣಿಸುವುದರಲ್ಲಿ ಅರ್ಥವಿರಲಿಲ್ಲ. ಚಂದಾ ಹಣವೂ ಅಳತೆಗೋಲಾಗಲಿಲ್ಲ: ವರ್ಷದ ಚಂದಾ ಕಟ್ಟಿದವರು ಮರುತಿಂಗಳೇ ಬಳಸುವುದನ್ನು ಬಿಟ್ಟರೂ ಹನ್ನೆರಡು ತಿಂಗಳು ನಮ್ಮ ಪಟ್ಟಿಯಲ್ಲೇ ಇರುತ್ತಾರೆ. ಹೂಡಿಕೆದಾರರ ಮುಂದಿಡಲು ಚೆಂದದ ಲೆಕ್ಕ, ಅಷ್ಟೆ.

ನಾನು ಎಣಿಸಿದ್ದು ತಾಳೆ ಪೂರ್ತಿ ಮುಗಿಸಿದ ಕಂಪನಿಗಳನ್ನು. ನೋಂದಾಯಿಸಿದ ದಿನವನ್ನು ಬಿಟ್ಟು, ಮೊದಲ ತಾಳೆ ಮುಗಿಸಿದ ತಿಂಗಳಿನ ಪ್ರಕಾರ ಅವನ್ನು ಕೋಹಾರ್ಟ್‌ಗಳಾಗಿ, ಅಂದರೆ ಗುಂಪುಗಳಾಗಿ ವಿಂಗಡಿಸಿದೆ. ಏಪ್ರಿಲ್ ಗುಂಪಿನಲ್ಲಿ 40 ಕಂಪನಿಗಳಿದ್ದವು. ಮೇ ತಿಂಗಳಲ್ಲಿ ಅವುಗಳ ಪೈಕಿ 21, ಜೂನ್‌ನಲ್ಲಿ 20, ಜುಲೈಯಲ್ಲಿ 27 ಕಂಪನಿಗಳು ತಾಳೆ ಮುಗಿಸಿದ್ದವು.

ಇಳಿದ ಗೆರೆ ಹೀಗೆ ಏರಿದರೆ ಖುಷಿಗಿಂತ ಮೊದಲು ಅನುಮಾನ ಬರಬೇಕು. ಬಿಟ್ಟು ಹೋದವರು ತಾವಾಗಿಯೇ ಮರಳುವುದು ಅಪರೂಪ. ಬಹಳ ಸಲ ನಾವು ಹಿಡಿದ ಅವಧಿಗೂ ಅವರ ಕೆಲಸದ ಅವಧಿಗೂ ಹೊಂದಿಕೆ ಇರುವುದಿಲ್ಲ. ಇಲ್ಲಿ ಆಗಿದ್ದೂ ಅದೇ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿವರೆಗೆ ಇರುವವರು 3ಬಿಯನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬಹುದು. ನಮ್ಮ 40ರಲ್ಲಿ 16 ಅಂಥವು.

ಎರಡನ್ನೂ ಬೇರ್ಪಡಿಸಿದೆ. ತಿಂಗಳಿಗೊಮ್ಮೆ ಸಲ್ಲಿಸುವ 24ರಲ್ಲಿ ಮೇ ತಿಂಗಳಿಗೆ 19 ಉಳಿದವು, ಜುಲೈಗೆ 18, ಅಕ್ಟೋಬರ್‌ಗೆ 17. ಕಳಚಿಕೊಂಡ ಏಳರಲ್ಲಿ ಐದು ಮೊದಲ ತಿಂಗಳೇ ಹೋಗಿದ್ದವು; ಆಮೇಲೆ ಗೆರೆ ಬಹುಮಟ್ಟಿಗೆ ಸಮತಟ್ಟಾಯಿತು. ತ್ರೈಮಾಸಿಕದವರನ್ನು ಅವರದೇ ಅವಧಿಯಲ್ಲಿ ಅಳೆದೆ: ಏಪ್ರಿಲ್‌ನಲ್ಲಿ 16, ಜುಲೈಯಲ್ಲಿ 9, ಅಕ್ಟೋಬರ್‌ನಲ್ಲಿ 4. ಅವಧಿ ಸರಿಪಡಿಸಿದ ಮೇಲೂ ಗೆರೆ ನೆಲದ ಕಡೆಗೇ ಹೊರಟಿತ್ತು. ‘ಅವರು ಅಪರೂಪಕ್ಕೆ ಬರುವವರು’ ಎಂಬ ನಮ್ಮ ಮಾರಾಟ ತಂಡದ ಸಮಾಧಾನ ಅಲ್ಲಿಗೆ ಮುಗಿಯಿತು.

ಬಿಟ್ಟ ತ್ರೈಮಾಸಿಕದವರಿಗೆ ಫೋನ್ ಮಾಡಿದಾಗ ಕಾರಣ ಸರಳವಾಗಿತ್ತು. ಅವರಿಗಿರುವುದು ಬೆರಳೆಣಿಕೆಯ ಸರಬರಾಜುದಾರರು. ಲೆಕ್ಕ ಬರೆಯುವವರು ಎಕ್ಸೆಲ್‌ನಲ್ಲೇ ಅರ್ಧ ಗಂಟೆಯಲ್ಲಿ ತಾಳೆ ಮುಗಿಸುತ್ತಿದ್ದರು. ಇನ್ನಷ್ಟು ತರಬೇತಿ ಕೊಟ್ಟರೆ ನಿಲ್ಲುವವರಲ್ಲ. ಮಾಸಿಕದವರಲ್ಲಿ ಉಳಿದವರಿಗೆ ನೂರಾರು ಬಿಲ್‌ಗಳು, ಒಂದು ತಪ್ಪಿದರೂ ಆ ಬಿಲ್‌ನ ತೆರಿಗೆ ಕ್ರೆಡಿಟ್ ಆ ತಿಂಗಳು ಸಿಗುವುದಿಲ್ಲ.

ಆದರೂ 24ರ ಗುಂಪಿನಲ್ಲಿ ಒಂದು ಕಂಪನಿ ಎಂದರೆ ಶೇ 4ಕ್ಕೂ ಹೆಚ್ಚು. ಒಂದೇ ಗುಂಪನ್ನು ನಂಬಿ ಮಾರುಕಟ್ಟೆಯ ಅಗತ್ಯಕ್ಕೆ ಹೊಂದಿದ್ದೇವೆ ಎನ್ನಲು ನನಗೆ ಧೈರ್ಯವಿರಲಿಲ್ಲ. ಜುಲೈ ಗುಂಪಿನ ಮಾಸಿಕದವರೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ನಿಂತ ಮೇಲಷ್ಟೇ, ತ್ರೈಮಾಸಿಕದವರಿಗೆ ಮಾರುವುದನ್ನು ನಿಲ್ಲಿಸಿದೆವು. ನಮ್ಮ ಒಟ್ಟು ಗ್ರಾಹಕರ ಸಂಖ್ಯೆ ಬೆಳೆಯುವ ವೇಗ ತಕ್ಷಣವೇ ತಗ್ಗಿತು. ವರ್ಷದ ಚಂದಾ ಮುಗಿಯುವಾಗ ಎಷ್ಟು ಮಂದಿ ನವೀಕರಿಸುತ್ತಾರೆ ಎಂಬ ಪರೀಕ್ಷೆ ಏಪ್ರಿಲ್‌ಗೆ ಬಾಕಿ ಇದೆ.